ಶೇಂಗಾ ಚಟ್ನಿ ಪುಡಿಯನ್ನು ಎಲ್ಲಿ ಮಾರಬೇಕು: ಮಾರ್ಕೆಟ್‌ಪ್ಲೇಸ್‌ನಲ್ಲೋ, ಸ್ವಂತ ಜಾಲತಾಣದಲ್ಲೋ? ನನ್ನ ಅನುಭವ

ಧಾರವಾಡದ ನಮ್ಮ ಮನೆಯಲ್ಲಿ ಅವ್ವ ಮತ್ತು ನಾನು ಶೇಂಗಾ, ಗುರೆಳ್ಳು ಹಾಗೂ ಅಗಸಿ ಚಟ್ನಿ ಪುಡಿಗಳನ್ನು ಮಾಡಿ ಮಾರಲು ನಿರ್ಧರಿಸಿದಾಗ, ಮೊದಲು ಬಗೆಹರಿಸಬೇಕಾಗಿ ಬಂದ ಪ್ರಶ್ನೆ ಮಾರಾಟದ ಸ್ಥಳದ್ದೇ ಆಗಿತ್ತು. ಹಲವು ಮಾರಾಟಗಾರರು ಒಂದೇ ಕಡೆ ಮಾರುವ ದೊಡ್ಡ ಆನ್‌ಲೈನ್ ಮಾರ್ಕೆಟ್‌ಪ್ಲೇಸ್ ಒಂದರಲ್ಲಿ ಹೆಸರು ನೋಂದಾಯಿಸಿ ಅಲ್ಲಿ ಬರುವ ಜನರಿಗೆ ಮಾರುವುದೋ, ಅಥವಾ ಸ್ವಂತ ಜಾಲತಾಣ ಕಟ್ಟಿ ಅಲ್ಲಿಗೆ ಜನರನ್ನು ಕರೆತರುವುದೋ? ಆಗ ನಾನು ಎರಡನ್ನೂ ಕಮಿಷನ್‌ನ ಶೇಕಡಾವಾರು ಲೆಕ್ಕದಲ್ಲಿ ಮಾತ್ರ ಹೋಲಿಸಿದ್ದೆ. ಆ ಹೋಲಿಕೆ ತಪ್ಪಾಗಿತ್ತು ಎಂಬುದು ಮಾರ್ಕೆಟ್‌ಪ್ಲೇಸ್‌ನಿಂದ ಶುಲ್ಕ ಕಳೆದು ನಮಗೆ ಕೊಟ್ಟ ಹಣದ ಲೆಕ್ಕವಾದ ಮೊದಲ ಸೆಟಲ್‌ಮೆಂಟ್ ವರದಿ ಬಂದ ದಿನವೇ ತಿಳಿಯಿತು.

ಹೊರರಾಜ್ಯಕ್ಕೆ ಸರಕು ಕಳುಹಿಸುವುದಾದರೆ ಎರಡೂ ದಾರಿಗಳಿಗೆ ಜಿಎಸ್‌ಟಿ ನೋಂದಣಿ ಬೇಕಾಗಿತ್ತು. ನೋಂದಣಿಯ ಮಿತಿಗಿಂತ ಕಡಿಮೆ ವಹಿವಾಟಿನ ಸಣ್ಣ ಮಾರಾಟಗಾರರು ತಮ್ಮ ರಾಜ್ಯದೊಳಗೆ ಮಾತ್ರ ಮಾರ್ಕೆಟ್‌ಪ್ಲೇಸ್ ಮೂಲಕ ಮಾರಲು 2023ರ ಅಕ್ಟೋಬರ್ 1ರಿಂದ ರಿಯಾಯಿತಿ ಇದೆ. ಆದರೆ ನಮ್ಮ ಚಟ್ನಿ ಪುಡಿಯನ್ನು ಹುಡುಕುವವರಲ್ಲಿ ಹೆಚ್ಚಿನವರು ಪುಣೆ, ಹೈದರಾಬಾದ್, ಮುಂಬೈಗಳಲ್ಲಿ ನೆಲೆಸಿದ ನಮ್ಮ ಕಡೆಯವರು. ಆದ್ದರಿಂದ ಜಿಎಸ್‌ಟಿ ನೋಂದಣಿ ಮತ್ತು ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ ಸಂಖ್ಯೆ ಎರಡನ್ನೂ ಪಡೆದೇ ಆರಂಭಿಸಿದೆವು.

ಮೊದಲು ಮಾರ್ಕೆಟ್‌ಪ್ಲೇಸ್‌ನಲ್ಲಿ 250 ಗ್ರಾಂ ಪೌಚ್‌ಗೆ 180 ರೂಪಾಯಿ ಬೆಲೆ ಇಟ್ಟೆವು. (ಇಲ್ಲಿ ಕೊಡುವ ಲೆಕ್ಕಗಳೆಲ್ಲ ನಮ್ಮ ಪುಸ್ತಕದವು, ತೆರಿಗೆಯನ್ನು ಹೊರತುಪಡಿಸಿದವು, ದರಗಳು ಸರಕಿನ ವಿಭಾಗದಿಂದ ವಿಭಾಗಕ್ಕೆ ಬೇರೆಯಾಗುತ್ತವೆ, ಆಗಾಗ ಬದಲಾಗುತ್ತಲೂ ಇರುತ್ತವೆ.) ಕಮಿಷನ್ 14 ರೂಪಾಯಿ ಎಂದು ನೋಡಿ ಸಮಾಧಾನಪಟ್ಟಿದ್ದೆ. ವರದಿಯಲ್ಲಿ ಅದರ ಕೆಳಗೆ ಪ್ರತಿ ಆರ್ಡರಿಗೆ 20 ರೂಪಾಯಿಯ ನಿಗದಿತ ಶುಲ್ಕವೂ, 95 ರೂಪಾಯಿಯ ಸಾಗಣೆ ಶುಲ್ಕವೂ ಇದ್ದವು. ಒಟ್ಟು 129 ರೂಪಾಯಿ ಕಡಿತವಾಗಿ ನಮಗೆ ಬಂದದ್ದು 51 ರೂಪಾಯಿ. ಪುಡಿ ಮತ್ತು ಪೌಚಿಗೆ 85, ಡಬ್ಬಿ ಮತ್ತು ಟೇಪಿಗೆ 12 ಸೇರಿ ನಮ್ಮ ಖರ್ಚು 97 ರೂಪಾಯಿ. ಹೀಗೆ ಪ್ರತಿ ಪೌಚ್ ಮಾರಿದಾಗಲೂ 46 ರೂಪಾಯಿ ಕಳೆದುಕೊಳ್ಳುತ್ತಿದ್ದೆವು.

ಕಾಲು ಕಿಲೋ ಸರಕಿಗೆ 95 ರೂಪಾಯಿ ಸಾಗಣೆ ಹೇಗಾಯಿತು ಎಂದು ಹುಡುಕಿದಾಗ ಕಾರಣ ನಮ್ಮ ಡಬ್ಬಿಯಲ್ಲಿಯೇ ಇತ್ತು. ಕೊರಿಯರಿನವರು ತಕ್ಕಡಿಯ ತೂಕವನ್ನಷ್ಟೇ ನೋಡುವುದಿಲ್ಲ. ಡಬ್ಬಿಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ, ಸಾಮಾನ್ಯವಾಗಿ 5000ದಿಂದ ಭಾಗಿಸಿ, ಬಂದ ಅಂಕಿಯನ್ನು ಕಿಲೋ ಎಂದು ಹಿಡಿಯುತ್ತಾರೆ; ಅದು ಮತ್ತು ನಿಜವಾದ ತೂಕ ಇವೆರಡರ ಪೈಕಿ ಯಾವುದು ಹೆಚ್ಚೋ ಅದಕ್ಕೆ ಶುಲ್ಕ ಹಾಕುತ್ತಾರೆ. ನಮ್ಮ ಡಬ್ಬಿ 25, 18 ಮತ್ತು 10 ಸೆಂಟಿಮೀಟರ್ ಇತ್ತು. ಅದರ ಲೆಕ್ಕ 0.9 ಕಿಲೋ ಆಗಿ, ಪಾರ್ಸೆಲ್ ಒಂದು ಕಿಲೋ ಸ್ಲ್ಯಾಬಿಗೆ ಹೋಗುತ್ತಿತ್ತು. 20, 15 ಮತ್ತು 8 ಸೆಂಟಿಮೀಟರಿನ ಡಬ್ಬಿಗೆ ಬದಲಿಸಿದಾಗ ಲೆಕ್ಕ 0.48 ಕಿಲೋಗೆ ಇಳಿದು ಪಾರ್ಸೆಲ್ ಅರ್ಧ ಕಿಲೋ ಸ್ಲ್ಯಾಬಿಗೆ ಬಂತು, ಸಾಗಣೆ 62 ರೂಪಾಯಿ ಆಯಿತು. ಆದರೂ ಪೌಚಿಗೆ 13 ರೂಪಾಯಿ ನಷ್ಟ ಉಳಿಯಿತು. ಕಮಿಷನ್ ಸೊನ್ನೆಯೇ ಆಗಿದ್ದರೂ ಕೈಗೆ ಒಂದು ರೂಪಾಯಿಯಷ್ಟೇ ಮಿಗುತ್ತಿತ್ತು. ಆದ್ದರಿಂದ ಸೊನ್ನೆ ಕಮಿಷನ್ ಎಂಬ ಘೋಷಣೆಯನ್ನು ಎಲ್ಲಿ ಕಂಡರೂ, ಅದರ ಜೊತೆಗೆ ನಿಗದಿತ ಶುಲ್ಕ ಮತ್ತು ಸಾಗಣೆ ಶುಲ್ಕ ಎಷ್ಟು ಎಂಬುದನ್ನು ನಾನು ಮೊದಲು ನೋಡುತ್ತೇನೆ.

ಇಲ್ಲಿ ಅವ್ವ ಕೊಟ್ಟ ಸಲಹೆ ಕೆಲಸಕ್ಕೆ ಬಂತು. "ಒಂದೇ ಚೀಲಾ ಯಾಕ ಕಳಸ್ತಿ, ಎರಡು ಕೂಡಿಸಿ ಕಳಸು" ಎಂದಳು. ಆದರೆ 250 ಗ್ರಾಂನ ಎರಡು ಪೌಚ್‌ಗಳು ಡಬ್ಬಿಯೊಂದಿಗೆ ಅರ್ಧ ಕಿಲೋ ದಾಟುತ್ತಿದ್ದವು. ಅದಕ್ಕಾಗಿ ಪೌಚಿನ ತೂಕವನ್ನೇ 200 ಗ್ರಾಂಗೆ ಇಳಿಸಿ, ಬೆಲೆಯನ್ನು 160 ಮಾಡಿ, ಎರಡರ ಜೋಡಿಯನ್ನು 320 ರೂಪಾಯಿಗೆ ಇಟ್ಟೆವು. ಡಬ್ಬಿ ಸೇರಿ 470 ಗ್ರಾಂ ಆಗುವುದರಿಂದ ಸಾಗಣೆ 62 ರೂಪಾಯಿಯಲ್ಲೇ ನಿಂತಿತು. ಕಮಿಷನ್ 26, ನಿಗದಿತ ಶುಲ್ಕ 25 ಸೇರಿ ಕಡಿತ 113 ರೂಪಾಯಿ. ನಮ್ಮ ಖರ್ಚು 155. ಉಳಿದದ್ದು 52 ರೂಪಾಯಿ. ಸರಕು ಬದಲಾಗಲಿಲ್ಲ, ಕಮಿಷನ್ ದರವೂ ಬದಲಾಗಲಿಲ್ಲ. ಪೌಚಿನ ತೂಕ, ಆರ್ಡರಿನ ಮೊತ್ತ ಮತ್ತು ಡಬ್ಬಿಯ ಅಳತೆಗಳಷ್ಟೇ ಬದಲಾಗಿ ನಷ್ಟ ಲಾಭವಾಯಿತು.

ಶುಲ್ಕದ ಸಮಸ್ಯೆ ಹೀಗೆ ತಕ್ಕಮಟ್ಟಿಗೆ ಬಗೆಹರಿಯಿತು. ಹಿಡಿತದ ಸಮಸ್ಯೆ ಉಳಿದಿತ್ತು. ದೀಪಾವಳಿಗೆ ಎರಡು ವಾರ ಮೊದಲು, ಲೇಬಲ್ಲಿನ ಚಿತ್ರದಲ್ಲಿ ಎಫ್‌ಎಸ್‌ಎಸ್‌ಎಐನ 14 ಅಂಕಿಗಳು ಸ್ಪಷ್ಟವಾಗಿಲ್ಲವೆಂದು ಮಾರ್ಕೆಟ್‌ಪ್ಲೇಸ್‌ನವರು ನಮ್ಮ ಪುಟವನ್ನು ತಡೆಹಿಡಿದರು. ಹೊಸ ಚಿತ್ರವನ್ನು ಅಂದೇ ಕಳುಹಿಸಿದರೂ ಪುಟ ಮರಳಿ ಕಾಣಿಸಿಕೊಳ್ಳಲು 11 ದಿನ ಹಿಡಿಯಿತು. ನನಗೆ ಹೆಚ್ಚು ನೋವಾದದ್ದು ಆಮೇಲೆ. ಮೊದಲು ಹುಡುಕಾಟದ ಮೊದಲ ಪುಟದಲ್ಲಿದ್ದ ನಮ್ಮ ಪುಡಿ ಮೂರನೆಯ ಪುಟಕ್ಕೆ ಇಳಿದಿತ್ತು, ಏಕೆಂದರೆ ಇತ್ತೀಚಿನ ಮಾರಾಟ ನಿಂತರೆ ಸ್ಥಾನವೂ ಇಳಿಯುತ್ತದೆ. ಅಲ್ಲಿಯವರೆಗೆ ಕೊಂಡಿದ್ದ ನೂರಾರು ಜನರಿಗೆ ಒಂದು ಮಾತು ತಿಳಿಸೋಣವೆಂದರೆ ಅವರ ದೂರವಾಣಿ ಸಂಖ್ಯೆ ನಮ್ಮ ಬಳಿ ಇರಲಿಲ್ಲ. ಆ ಗಿರಾಕಿಗಳು ಮಾರ್ಕೆಟ್‌ಪ್ಲೇಸ್‌ನವರು, ನಮ್ಮವರಲ್ಲ.

ಅದೇ ತಿಂಗಳು ಜಾಲತಾಣ ಕಟ್ಟಿದೆ. ಜಾಲತಾಣ ಕಟ್ಟುವ ತಂತ್ರಾಂಶವಾದ ವರ್ಡ್‌ಪ್ರೆಸ್‌ನ ಮೇಲೆ ಉಚಿತವಾಗಿ ಸಿಗುವ ಅಂಗಡಿಯ ತಂತ್ರಾಂಶ ವೂಕಾಮರ್ಸ್ ಹಾಕಿ, ಡೊಮೇನ್ ಮತ್ತು ಹೋಸ್ಟಿಂಗ್‌ಗೆ ವರ್ಷಕ್ಕೆ ಸುಮಾರು 6,000 ರೂಪಾಯಿ ಕೊಟ್ಟೆ. ಹಣ ಪಾವತಿಯ ಗೇಟ್‌ವೇ ಶೇ. 2ರಷ್ಟು ಹಿಡಿಯುತ್ತದೆ. ಮೂರು ಪೌಚಿನ 480 ರೂಪಾಯಿಯ ಆರ್ಡರಿನಲ್ಲಿ ಸರಕು ಮತ್ತು ಡಬ್ಬಿಗೆ 228, ಒಂದು ಕಿಲೋ ಸ್ಲ್ಯಾಬಿನ ಸಾಗಣೆಗೆ 85, ಗೇಟ್‌ವೇಗೆ 10 ಕಳೆದರೆ 157 ರೂಪಾಯಿ ಉಳಿಯುವುದನ್ನು ಕಂಡು, ಇದೇ ಸರಿಯಾದ ದಾರಿ ಎಂದುಕೊಂಡೆ. ಆದರೆ ಆ ಲೆಕ್ಕದಲ್ಲಿ ಗಿರಾಕಿಯನ್ನು ಬಾಗಿಲಿನವರೆಗೆ ಕರೆತರುವ ಖರ್ಚು ಇರಲಿಲ್ಲ.

ಎರಡು ತಿಂಗಳು ಇನ್‌ಸ್ಟಾಗ್ರಾಮಿನಲ್ಲಿ ಜಾಹೀರಾತು ಕೊಟ್ಟು 9,000 ರೂಪಾಯಿ ಖರ್ಚು ಮಾಡಿದೆ. ಸುಮಾರು 1,800 ಜನ ಜಾಲತಾಣಕ್ಕೆ ಬಂದರು, 27 ಜನ ಆರ್ಡರ್ ಮಾಡಿದರು. ಅಂದರೆ ಒಂದು ಆರ್ಡರಿಗೆ 333 ರೂಪಾಯಿ, ನಮಗೆ ಉಳಿಯುವ 157ರ ಎರಡು ಪಟ್ಟಿಗೂ ಹೆಚ್ಚು. ಅದರ ಮೇಲೆ ಮನೆ ಬಾಗಿಲಲ್ಲಿ ಹಣ ಕೊಡುವ ಸೌಲಭ್ಯ ಇಟ್ಟಿದ್ದರಿಂದ ಐದು ಪಾರ್ಸೆಲ್‌ಗಳು ಯಾರೂ ತೆಗೆದುಕೊಳ್ಳದೆ ಮರಳಿದವು. ಹೋಗಿ ಬರುವ ಎರಡೂ ಸಾಗಣೆ ನಮ್ಮ ಮೇಲೆಯೇ ಬಿತ್ತು. ಎರಡು ವಾರ ಗೋದಾಮಿನ ಸೆಕೆಯಲ್ಲಿ ಸುತ್ತಿ ಬಂದ ಶೇಂಗಾ ಪುಡಿಯನ್ನು ಇನ್ನೊಬ್ಬರಿಗೆ ಕಳುಹಿಸಲು ಅವ್ವ ಒಪ್ಪಲಿಲ್ಲ, ನನಗೂ ಮನಸ್ಸಾಗಲಿಲ್ಲ. ಶೇಂಗಾದ ಎಣ್ಣೆ ಬೇಗ ಕಮಟು ಹಿಡಿಯುತ್ತದೆ. ಪಾರ್ಸೆಲ್ ಪಡೆದ 22 ಜನರಲ್ಲಿ ಒಂಬತ್ತು ಜನ ಆರು ತಿಂಗಳಲ್ಲಿ ಒಟ್ಟು 21 ಬಾರಿ ಮತ್ತೆ ತರಿಸಿಕೊಂಡರು. ಆ 21 ಆರ್ಡರ್‌ಗಳ ಲಾಭವನ್ನು ಸೇರಿಸಿದರೂ ಜಾಹೀರಾತಿನ ಖರ್ಚು ಹುಟ್ಟಲಿಲ್ಲ. ಮಾರ್ಕೆಟ್‌ಪ್ಲೇಸ್‌ನಲ್ಲಿ ಕಮಿಷನ್ ಎಂದು ಕಾಣಿಸುವ ಖರ್ಚು ಸ್ವಂತ ಜಾಲತಾಣದಲ್ಲಿ ಜಾಹೀರಾತಿನ ಬಿಲ್ಲಾಗಿ ಬರುತ್ತದೆ. ನಮ್ಮ ವಿಷಯದಲ್ಲಿ ಅದು ಕಮಿಷನ್‌ಗಿಂತ ಎಷ್ಟೋ ದೊಡ್ಡದಾಗಿತ್ತು.

ಆದರೂ ಮತ್ತೆ ತರಿಸಿಕೊಂಡ ಆ ಒಂಬತ್ತು ಜನ ನನ್ನ ಯೋಚನೆಯ ದಿಕ್ಕನ್ನು ಬದಲಿಸಿದರು. ಚಟ್ನಿ ಪುಡಿ ತಿಂಗಳಲ್ಲಿ ಖಾಲಿಯಾಗುವ ಪದಾರ್ಥ. ರುಚಿ ಹಿಡಿಸಿದವರು ಮತ್ತೆ ಕೇಳುತ್ತಾರೆ, ಮತ್ತು ಮರಳಿ ಬರುವವರಿಗೆ ಜಾಹೀರಾತು ಬೇಡ. ಹಾಗಾದರೆ ಮೊದಲ ಸಲ ಕೊಳ್ಳುವವರನ್ನು ಹುಡುಕುವ ಕೆಲಸವನ್ನು ಮಾರ್ಕೆಟ್‌ಪ್ಲೇಸ್‌ಗೆ ಬಿಡಬೇಕು, ಮರಳಿ ಬರುವವರನ್ನು ಜಾಲತಾಣ ನೋಡಿಕೊಳ್ಳಬೇಕು. ಇದು ತೋಚಿದ ಉತ್ಸಾಹದಲ್ಲಿ, ಮಾರ್ಕೆಟ್‌ಪ್ಲೇಸ್ ಪಾರ್ಸೆಲ್‌ಗಳಲ್ಲಿ ಹಾಕಲು ನಮ್ಮ ಜಾಲತಾಣದ ರಿಯಾಯಿತಿ ಚೀಟಿಗಳನ್ನು 500 ಅಚ್ಚು ಹಾಕಿಸಿದೆ. ಒಪ್ಪಂದದ ನಿಯಮಗಳನ್ನು ಓದಿದ್ದು ಆಮೇಲೆ. ಗಿರಾಕಿಯನ್ನು ಬೇರೆಡೆಗೆ ಸೆಳೆಯುವ ಯಾವ ಚೀಟಿಯನ್ನೂ ಪಾರ್ಸೆಲ್‌ನಲ್ಲಿ ಇಡುವಂತಿರಲಿಲ್ಲ. ಇಟ್ಟರೆ ಖಾತೆಯೇ ರದ್ದಾಗಬಹುದಿತ್ತು. ಆ ಚೀಟಿಗಳನ್ನು ಬಳಸಲಿಲ್ಲ.

ಬೇಕಾದದ್ದು ಕಾನೂನಿನ ಪ್ರಕಾರವೇ ಪೌಚಿನ ಮೇಲೆ ಇರಬೇಕಾದ ಸಾಲಿನಲ್ಲಿತ್ತು. ಪೊಟ್ಟಣದ ಸರಕಿನ ನಿಯಮಗಳಂತೆ, ದೂರು ಹೇಳಲು ಸಂಪರ್ಕಿಸಬೇಕಾದವರ ಹೆಸರು, ವಿಳಾಸ, ದೂರವಾಣಿ ಮತ್ತು ಇಮೇಲ್ ಲೇಬಲ್ಲಿನ ಮೇಲೆ ಇರಲೇಬೇಕು. ಮೊದಲು ಅದನ್ನು ಮೂಲೆಯಲ್ಲಿ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಹಾಕಿದ್ದೆವು. ಈಗ ಬ್ರ್ಯಾಂಡಿನ ಹೆಸರನ್ನು ದೊಡ್ಡದಾಗಿಯೂ, ಈ ಸಾಲನ್ನು ಸ್ಪಷ್ಟವಾಗಿಯೂ ಅಚ್ಚು ಹಾಕಿಸಿದೆವು. ಪುಡಿ ಹಿಡಿಸಿದವರು ಹೆಸರನ್ನು ಗೂಗಲ್‌ನಲ್ಲಿ ಬರೆದು ಹುಡುಕತೊಡಗಿದರು. ಗೂಗಲ್‌ನದೇ ಆದ ಸರ್ಚ್ ಕನ್ಸೋಲ್‌ನಲ್ಲಿ ಜನ ಯಾವ ಪದ ಬರೆದು ನಮ್ಮಲ್ಲಿಗೆ ಬಂದರೆಂದು ಕಾಣುತ್ತದೆ. ಆರಂಭದಲ್ಲಿ ಅಲ್ಲಿ ನಮ್ಮ ಬ್ರ್ಯಾಂಡಿನ ಹೆಸರೇ ಇರಲಿಲ್ಲ, ನಾಲ್ಕು ತಿಂಗಳ ನಂತರ ಅದೇ ಮೊದಲ ಸಾಲಿನಲ್ಲಿತ್ತು. ಸ್ವಂತ ಜಾಲತಾಣಕ್ಕೆ ಸಮಯ ಬಂದಿದೆಯೇ ಎಂದು ತಿಳಿಯಲು ಇದಕ್ಕಿಂತ ನಂಬಲರ್ಹವಾದ ಗುರುತು ನನಗೆ ಸಿಕ್ಕಿಲ್ಲ.

ಈಗ ತಿಂಗಳಿಗೆ ಮಾರ್ಕೆಟ್‌ಪ್ಲೇಸ್‌ನಲ್ಲಿ ಸುಮಾರು 140 ಜೋಡಿಗಳು ಹೋಗುತ್ತವೆ. ತಲಾ 52ರಂತೆ 7,280 ರೂಪಾಯಿ ಉಳಿಯುತ್ತದೆ. ಜಾಲತಾಣದಲ್ಲಿ ಸುಮಾರು 45 ಆರ್ಡರ್‌ಗಳು. ಅಲ್ಲಿ ಮನೆ ಬಾಗಿಲಲ್ಲಿ ಹಣ ಕೊಡುವ ಸೌಲಭ್ಯವನ್ನು ತೆಗೆದಿದ್ದೇನೆ, ನಾಲ್ಕು ಪೌಚ್‌ಗೆ ಸಾಗಣೆ ಉಚಿತ ಮಾಡಿದ್ದೇನೆ. ಹೀಗಾಗಿ ಹೆಚ್ಚಿನವರು 640 ರೂಪಾಯಿಯದ್ದೇ ತೆಗೆದುಕೊಳ್ಳುತ್ತಾರೆ. ಅದರಲ್ಲಿ ಸರಕಿಗೆ 300, ಸಾಗಣೆಗೆ 85, ಗೇಟ್‌ವೇಗೆ 13 ಕಳೆದು 242 ರೂಪಾಯಿ ಉಳಿಯುವುದರಿಂದ, ಮೂರನೆಯ ಒಂದರಷ್ಟು ಆರ್ಡರ್‌ಗಳೇ 10,890 ರೂಪಾಯಿ ಕೊಡುತ್ತವೆ. ಈ ಅಂಕಿ ನೋಡಿ ಮಾರ್ಕೆಟ್‌ಪ್ಲೇಸನ್ನು ಬಿಟ್ಟುಬಿಡಬಹುದೆಂದು ಒಮ್ಮೆ ಅನ್ನಿಸಿತ್ತು. ಆದರೆ ಜಾಲತಾಣದ ಪ್ರತಿ ಹೊಸ ಗಿರಾಕಿಗೆ ಫೋನ್ ಮಾಡಿ ನಮ್ಮ ಹೆಸರು ಎಲ್ಲಿ ಸಿಕ್ಕಿತೆಂದು ಕೇಳುವಾಗ, ಹೆಚ್ಚುಕಡಿಮೆ ಅರ್ಧದಷ್ಟು ಜನ ಮೊದಲ ಪೌಚನ್ನು ಮಾರ್ಕೆಟ್‌ಪ್ಲೇಸ್‌ನಲ್ಲೇ ಕೊಂಡಿದ್ದಾಗಿ ಹೇಳುತ್ತಾರೆ. ಆ ಬಾಗಿಲು ಮುಚ್ಚಿದರೆ ಈ ಬಾಗಿಲಿಗೂ ಜನ ಕಡಿಮೆಯಾಗುತ್ತಾರೆ.

ಖಡಕ್ ರೊಟ್ಟಿಯೊಂದನ್ನು ಮಾತ್ರ ಮಾರ್ಕೆಟ್‌ಪ್ಲೇಸ್‌ಗೆ ಹಾಕಿಲ್ಲ. ಅದರ ತೂಕ ಕಡಿಮೆ, ಗಾತ್ರ ಹೆಚ್ಚು. ಡಬ್ಬಿಯ ಅಳತೆಯ ಲೆಕ್ಕದಲ್ಲಿ ರೊಟ್ಟಿಯ ಬೆಲೆಗಿಂತ ಸಾಗಣೆಯೇ ಹೆಚ್ಚಾಗುತ್ತದೆ, ಗೋದಾಮಿನಿಂದ ಗೋದಾಮಿಗೆ ಎತ್ತಿ ಇಳಿಸುವಾಗ ಪುಡಿಯೂ ಆಗುತ್ತದೆ. ಜಾಲತಾಣದಲ್ಲಿ ಅದನ್ನು ಬೆಂಗಳೂರು ಮತ್ತು ಬೆಳಗಾವಿಯವರಿಗೆ ಮಾತ್ರ ತೋರಿಸುತ್ತೇನೆ. ಸಂಜೆ ಕಟ್ಟಿದ ರೊಟ್ಟಿಯನ್ನು ರಾತ್ರಿಯ ಬಸ್ಸಿಗೆ ಪಾರ್ಸೆಲ್ ಹಾಕುತ್ತೇವೆ, ಗಿರಾಕಿಗಳು ಬೆಳಿಗ್ಗೆ ಬಸ್ ನಿಲ್ದಾಣಕ್ಕೆ ಬಂದು ತೆಗೆದುಕೊಂಡು ಹೋಗುತ್ತಾರೆ.