ಬಾವಿಗೆ ಇಳಿಯದೆ ನೀರು ಮುಗಿದದ್ದನ್ನು ಹಿಡಿಯುವ ಪ್ರಾಜೆಕ್ಟ್: ಮಾರ್ಗದರ್ಶನ ಕೋರಿ ಪತ್ರ

ಮಾನ್ಯ ಪ್ರೊಫೆಸರ್ ಅವರಿಗೆ ನಮಸ್ಕಾರ.

ಸರ್, ನನ್ನ ಅಂತಿಮ ವರ್ಷದ ಪ್ರಾಜೆಕ್ಟಿಗೆ ನೀವು ಗೈಡ್ ಆಗಬೇಕೆಂದು ಕೇಳಿಕೊಳ್ಳುತ್ತಿದ್ದೇನೆ. ವಿಷಯ ಮನೆಯ ನಿಗಾ ವ್ಯವಸ್ಥೆ. ಅದರಲ್ಲಿ ನಾನು ಹಿಡಿದಿರುವುದು ಒಂದೇ ಭಾಗ: ಬಾವಿಯ ನೀರು ಮುಗಿದ ಮೇಲೂ ಓಡುವ ಪಂಪನ್ನು ಗುರುತಿಸಿ ನಿಲ್ಲಿಸುವುದು. ಏಪ್ರಿಲ್-ಮೇ ಬಂತೆಂದರೆ ಉಡುಪಿ ಕಡೆಯ ಮುರಕಲ್ಲಿನ ಬಾವಿಗಳ ಪಾಡು ನಿಮಗೆ ಗೊತ್ತೇ ಇದೆ. ಪಂಪ್ ಒಮ್ಮೆ ಸುಟ್ಟರೆ ರೀವೈಂಡಿಂಗ್‌ಗೆ ಎರಡು-ಮೂರು ಸಾವಿರ ಹೋಗುತ್ತದೆ. ನನ್ನ ಯಂತ್ರಕ್ಕೆ ಕಾಂಟ್ಯಾಕ್ಟರ್ ಬಿಟ್ಟು ಸುಮಾರು 1,600 ರೂಪಾಯಿ ತಗಲಿದೆ.

ಬಾವಿಯೊಳಗೆ ಫ್ಲೋಟ್ ಸ್ವಿಚ್ ಇಳಿಬಿಡದೆ ಇದು ಆಗದು ಎಂದು ಸಹಪಾಠಿಗಳೂ ಪಂಪ್ ರಿಪೇರಿಯವರೂ ಹೇಳಿದ್ದರು. ಫ್ಲೋಟಿನ ಕೇಬಲ್ ಸಕ್ಷನ್ ಪೈಪಿಗೆ ಸುತ್ತಿಕೊಳ್ಳುತ್ತದೆ, ಬಾವಿಯಿಂದ ಮೀಟರ್ ಬೋರ್ಡಿನವರೆಗೆ ಬೇರೆ ವಯರ್ ಎಳೆಯಬೇಕು. ಹಾಗಾಗಿ ಪಂಪಿನ ವಯರಿನಲ್ಲಿ ಹರಿಯುವ ಕರೆಂಟನ್ನೇ ಅಳೆಯುವ ದಾರಿ ಹಿಡಿದೆ. ಈಗ ಅದು ಗಟ್ಟಿಯಾಗಿ ಕೆಲಸ ಮಾಡುತ್ತಿದೆ.

ಇಎಸ್‌ಪಿ32 ಬೋರ್ಡಿಗೆ ಎಸ್‌ಸಿಟಿ-013-030 ಕರೆಂಟ್ ಸೆನ್ಸರ್ ಕೊಟ್ಟಿದ್ದೇನೆ. ಅದು 30 ಆಂಪಿಯರಿಗೆ 1 ವೋಲ್ಟ್ ಕೊಡುವುದರಿಂದ 5 ಆಂಪಿಯರಿನ ಪಂಪಿಗೆ ಸಿಗುವ ಸಿಗ್ನಲ್ ತೀರಾ ಸಣ್ಣದು. ಫೇಸ್ ವಯರನ್ನು ಕೋರ್ ಒಳಗೆ ಮೂರು ಸುತ್ತು ಹಾಯಿಸಿದರೆ ಅರ್ಧ ವೋಲ್ಟ್ ಸಿಗುತ್ತದೆ. ಎರಡು 10 ಕಿಲೋ ಓಮ್ ರೆಸಿಸ್ಟರಿನಿಂದ 1.65 ವೋಲ್ಟ್ ಬಯಾಸ್ ಕೊಟ್ಟು 34ನೇ ಪಿನ್ನಿಗೆ ಸೇರಿಸಿದ್ದೇನೆ. 25, 26, 27ನೇ ಪಿನ್ನುಗಳು ಎಡಿಸಿ2ಕ್ಕೆ ಸೇರಿದವು. ವೈಫೈ ಶುರುವಾದೊಡನೆ ಅಲ್ಲಿ ರೀಡಿಂಗ್ ಸಿಗುವುದಿಲ್ಲ.

ಕರೆಂಟ್ ಮಾತ್ರ ನೋಡಿದರೆ ಸಾಲದು ಎನ್ನುವುದೇ ಇದರಲ್ಲಿನ ಮುಖ್ಯ ಪಾಠ. ಒಂದು ಎಚ್‌ಪಿ ಮೋನೋಬ್ಲಾಕ್ ಪಂಪ್ ನೀರು ಎತ್ತುವಾಗ 230 ವೋಲ್ಟಿನಲ್ಲಿ ಸುಮಾರು 5.2 ಆಂಪಿಯರ್, ಒಣಗಿ ಓಡುವಾಗ 4.1. ಗಡಿ 4.5 ಇಟ್ಟರೆ ಹಗಲಲ್ಲಿ ಸರಿ ಹೋಗುತ್ತದೆ. ರಾತ್ರಿ ವೋಲ್ಟೇಜ್ 245ಕ್ಕೆ ಏರಿದಾಗ ಒಣ ಪಂಪೇ 4.7 ಎಳೆಯುತ್ತದೆ, ಏಕೆಂದರೆ ಲೋಡ್ ಇಲ್ಲದ ಮೋಟರಿನ ಕರೆಂಟಿನಲ್ಲಿ ಬಹುಪಾಲು ಕೋರನ್ನು ಮ್ಯಾಗ್ನೆಟೈಸ್ ಮಾಡಲು ಹೋಗುವಂಥದ್ದು. ಅದು ವೋಲ್ಟೇಜಿನ ಜೊತೆ ಏರುತ್ತದೆ. ಆದರೆ ವಾಟ್ ನೋಡಿ: ನೀರಿದ್ದಾಗ 950ರ ಆಸುಪಾಸು, ಒಣಗಿದಾಗ 480, ರಾತ್ರಿಯೂ 530 ದಾಟುವುದಿಲ್ಲ. ಹಾಗಾಗಿ ಝಡ್‌ಎಂಪಿಟಿ101ಬಿ ಮಾಡ್ಯೂಲಿನಿಂದ ವೋಲ್ಟೇಜನ್ನೂ ಓದಿ, ಪ್ರತಿ ಸ್ಯಾಂಪಲಿನ ವೋಲ್ಟೇಜ್ ಮತ್ತು ಕರೆಂಟನ್ನು ಗುಣಿಸಿ ಸರಾಸರಿ ತೆಗೆಯುತ್ತೇನೆ. ಗಡಿ 700 ವಾಟ್.

ಪಂಪ್ ಶುರುವಾಗುವ ಹೊತ್ತಿನ ಕರೆಂಟ್ ಹಲವು ಪಟ್ಟು ಇರುವುದರಿಂದ ಆ ಸೆಕೆಂಡುಗಳನ್ನು ಬಿಟ್ಟು ಲೆಕ್ಕ ಹಾಕಬೇಕು. ಎಷ್ಟು ಬಿಡಬೇಕೆಂದು ನನ್ನ ಕೋಡ್ ತಾನೇ ತೀರ್ಮಾನಿಸುತ್ತದೆ. ಆ ಉಪಾಯವನ್ನು ಇಲ್ಲಿ ಬರೆಯುವುದಿಲ್ಲ, ಲ್ಯಾಬಿನಲ್ಲಿ ಓಡಿಸಿ ತೋರಿಸುತ್ತೇನೆ. ಪಂಪ್ ನಿಲ್ಲಿಸಲು ಮೊದಲು ಹಾಕಿದ್ದ ನೀಲಿ ಬಣ್ಣದ 10 ಆಂಪಿಯರ್ ರಿಲೇಯ ಕಾಂಟ್ಯಾಕ್ಟ್ ಶುರುವಿನ ಈ ಕರೆಂಟಿಗೇ ಬೆಸೆದುಹೋಯಿತು. ಈಗ ರಿಲೇ ಬರೀ ಕಾಂಟ್ಯಾಕ್ಟರಿನ ಕಾಯಿಲನ್ನು ನಡೆಸುತ್ತದೆ.

  

ನಿಮ್ಮ ಮಾರ್ಗದರ್ಶನ ಬೇಕಿರುವುದು ಎರಡು ಕಡೆ. ಕರೆಂಟ್ ಸೆನ್ಸರಿನಲ್ಲಿ ಕೆಲವು ಡಿಗ್ರಿ ಫೇಸ್ ವ್ಯತ್ಯಾಸವಿದೆ. ಇಸ್ತ್ರಿಪೆಟ್ಟಿಗೆ ಹಚ್ಚಿ ಕ್ಯಾಲಿಬ್ರೇಟ್ ಮಾಡಿದರೆ ಆ ದೋಷ ಅಡಗಿಕೊಳ್ಳುತ್ತದೆ. ಅಲ್ಲಿ 5 ಡಿಗ್ರಿ ತಪ್ಪಿದರೂ ವಾಟಿನಲ್ಲಿ ಶೇಕಡಾ ಅರ್ಧದಷ್ಟೂ ವ್ಯತ್ಯಾಸ ಕಾಣುವುದಿಲ್ಲ. ಪವರ್ ಫ್ಯಾಕ್ಟರ್ 0.5ರ ಒಣ ಪಂಪಿನಲ್ಲಿ ಅದೇ 5 ಡಿಗ್ರಿ ಶೇಕಡಾ 15ರಷ್ಟು ದೋಷ ತರುತ್ತದೆ. ಲ್ಯಾಬಿನ ವಾಟ್‌ಮೀಟರ್ ಮತ್ತು ಇಂಡಕ್ಟಿವ್ ಲೋಡ್ ಒಂದು ಮಧ್ಯಾಹ್ನ ಸಿಕ್ಕರೆ ಇದನ್ನು ಸರಿಪಡಿಸಬಹುದು.

ಎರಡನೆಯದು, ಫುಟ್‌ವಾಲ್ವ್ ಸೋರಿ ಪಂಪಿನ ನೀರು ಇಳಿದುಹೋದರೂ ವಾಟ್ ಹೀಗೆಯೇ ಕಡಿಮೆ ಇರುತ್ತದೆ. ಆಗ ಶುರುವಿನಿಂದಲೇ ಕಡಿಮೆ. ಬಾವಿ ಬತ್ತಿದ್ದಾದರೆ ಮೊದಲು 950 ಇದ್ದು, ಪಂಪ್ ಗಾಳಿ ಎಳೆಯುತ್ತಾ ಮೇಲೆ ಕೆಳಗೆ ಆಡಿ, ಆಮೇಲೆ ಬೀಳುತ್ತದೆ. ಈ ಎರಡನ್ನು ಬೇರ್ಪಡಿಸಿ ಮನೆಯವರಿಗೆ ಬೇರೆ ಬೇರೆ ಸಂದೇಶ ಕಳಿಸುವುದೇ ಪ್ರಾಜೆಕ್ಟಿನ ಮುಂದಿನ ಹಂತ. ಡೆಲಿವರಿ ವಾಲ್ವ್ ಮುಚ್ಚಿದ್ದರೂ ವಾಟ್ ಇಳಿಯುತ್ತದೆ, ಅದನ್ನು ಬೇರೆ ಮಾಡಿ ತಿಳಿಯುವ ದಾರಿ ನನಗಿನ್ನೂ ಸಿಕ್ಕಿಲ್ಲ.

ವಾರಕ್ಕೆ ಅರ್ಧ ಗಂಟೆ ಕೊಟ್ಟರೆ ಸಾಕು ಸರ್. ನೀವು ಹೇಳಿದ ದಿನ ಬೋರ್ಡ್, ಸರ್ಕ್ಯೂಟ್ ಚಿತ್ರ, ರೀಡಿಂಗಿನ ಫೈಲ್ ಎಲ್ಲ ತಂದು ತೋರಿಸುತ್ತೇನೆ.

ಇತಿ,
ತಮ್ಮ ವಿಧೇಯ ವಿದ್ಯಾರ್ಥಿ,
ಅಂತಿಮ ವರ್ಷ, ಎಲೆಕ್ಟ್ರಾನಿಕ್ಸ್ ವಿಭಾಗ