ಫೋಟೊದಲ್ಲಿರುವ ಅಪರಿಚಿತನಿಗೆ ಹೆಸರು ಹಚ್ಚುವ ಮುನ್ನ

ವಾಟ್ಸ್‌ಆ್ಯಪ್ ಗುಂಪಿಗೆ ಒಂದು ಸಿಸಿಟಿವಿ ಚಿತ್ರ ಬಿದ್ದರೆ ಸಾಕು, ಅದರಲ್ಲಿ ಇರುವವನು ಯಾರು ಎಂದು ಯಾರಾದರೊಬ್ಬರು ಹೇಳಿಯೇ ಬಿಡುತ್ತಾರೆ. ಹುಬ್ಬಳ್ಳಿಯ ಕೇಶ್ವಾಪುರದ ಕಡೆಯ ಒಂದು ಮದುವೆಯಲ್ಲಿ ಬಂಗಾರ ಇಟ್ಟ ಬ್ಯಾಗು ಕಾಣೆಯಾದಾಗಲೂ ಹೀಗೇ ಆಯಿತು. ಬ್ಯಾಗು ಹಿಡಿದು ಬಾಗಿಲು ದಾಟುತ್ತಿದ್ದವನ ಚಿತ್ರ ಗುಂಪಿಗೆ ಬಂತು. ಅದರ ಪಕ್ಕದಲ್ಲೇ ಗದಗ ಕಡೆಯ ಒಬ್ಬ ಬಡಿಸುವ ಹುಡುಗನ ಸೆಲ್ಫಿಯನ್ನು ಯಾರೋ ಜೋಡಿಸಿದರು. "ಅದ ಮೂಗು, ಅದ ಮಚ್ಚಿ. ಇಂವನ ನೋಡ್ರಿ ಅಂವ" ಅಂತ ಒಬ್ಬರು ಬರೆದರು. ಸಂಜೆಯೊಳಗೆ ಹುಡುಗನ ಮನೆಗೆ ಫೋನುಗಳು ಶುರುವಾದವು. ಈ ಎರಡು ಚಿತ್ರಗಳನ್ನೇ ಇಟ್ಟುಕೊಂಡು, ಇಂಥದ್ದನ್ನು ಹೇಗೆ ನೋಡಬೇಕು ಎಂದು ಹೇಳುತ್ತೇನೆ.

ಮೊದಲು ಮೂಲ ಚಿತ್ರ ತರಿಸಿಕೊಳ್ಳಿ. ಸ್ಕ್ರೀನ್‌ಶಾಟ್ ಬೇಡ, ಫಾರ್ವರ್ಡ್ ಬೇಡ. ವಿಡಿಯೊ ಇದ್ದರೆ ಪೂರ್ತಿ ವಿಡಿಯೊವನ್ನೇ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ.

ಎರಡನೆಯದು, ಮಸುಕಾದ ಮುಖವನ್ನು 'ಕ್ಲಿಯರ್' ಮಾಡುವ ಆ್ಯಪ್‌ಗಳನ್ನು ಮುಟ್ಟಬೇಡಿ. ಇದನ್ನು ಎಷ್ಟು ಗಟ್ಟಿಯಾಗಿ ಹೇಳಿದರೂ ಸಾಲದು. ನಮ್ಮ ಸಿಸಿಟಿವಿ ಚಿತ್ರದಲ್ಲಿ ಆ ಮನುಷ್ಯನ ಎರಡು ಕಣ್ಣುಗಳ ನಡುವೆ ಇದ್ದದ್ದು ಹತ್ತೋ ಹನ್ನೆರಡೋ ಬಣ್ಣದ ಚೌಕ. ಅಷ್ಟರಲ್ಲಿ ಹುಬ್ಬಿನ ಕೂದಲೂ ಇರುವುದಿಲ್ಲ, ಮೀಸೆಯ ಅಂಚೂ ಇರುವುದಿಲ್ಲ. ಆ್ಯಪ್ ಕೊಟ್ಟ ಚಿತ್ರದಲ್ಲಿ ಮಾತ್ರ ಎರಡೂ ಇದ್ದವು, ಏಕೆಂದರೆ ಅವನ್ನು ಅದು ತಾನೇ ಬರೆದಿತ್ತು. 2020ರಲ್ಲಿ ಇಂಥದ್ದೇ ಒಂದು ತಂತ್ರಾಂಶಕ್ಕೆ ಬರಾಕ್ ಒಬಾಮ ಅವರ ಮಸುಕು ಚಿತ್ರ ಕೊಟ್ಟಾಗ ಅದು ಬಿಳಿಯನೊಬ್ಬನ ಮುಖ ಮಾಡಿಕೊಟ್ಟಿತು. ಮಸುಕಿನಲ್ಲೂ ಯಾರೆಂದು ಗೊತ್ತಾಗುತ್ತಿದ್ದ ಮುಖವದು! ನಮ್ಮ ಗುಂಪಿನ ಮಂದಿ ಮೀಸೆ ಹೋಲಿಸುತ್ತಿದ್ದದ್ದು ಆ್ಯಪ್ ಬರೆದ ಮೀಸೆಗೆ.

ಮೂರನೆಯದು ಹೋಲಿಕೆ. ಎಡವುವವರೆಲ್ಲ ಎಡವುವುದು ಇಲ್ಲಿಯೇ.

ಮುಖಕ್ಕಿಂತ ಮೊದಲು ಕ್ಯಾಮೆರಾ ಎಲ್ಲಿತ್ತು ಎಂದು ನೋಡಿ. ಛತ್ತಿನ ಮೂಲೆಯಿಂದ ಕೆಳಗೆ ನೋಡುವ ಕ್ಯಾಮೆರಾ ಹಣೆಯನ್ನು ದೊಡ್ಡದು ಮಾಡಿ ಗದ್ದವನ್ನು ಸಣ್ಣದು ಮಾಡುತ್ತದೆ. ಸೆಲ್ಫಿಯ ಆಟ ಬೇರೆ. ಸುಮಾರು 30 ಸೆಂಟಿಮೀಟರ್ ದೂರದಿಂದ ತೆಗೆದ ಚಿತ್ರದಲ್ಲಿ ಮೂಗು, ಒಂದೂವರೆ ಮೀಟರ್ ದೂರದಿಂದ ತೆಗೆದಾಗ ಕಾಣುವುದಕ್ಕಿಂತ ಹತ್ತಿರ ಹತ್ತಿರ ಶೇ 30ರಷ್ಟು ಅಗಲ ಕಾಣುತ್ತದೆ ಎಂದು 2018ರ ಒಂದು ಲೆಕ್ಕಾಚಾರ ತೋರಿಸಿದೆ. ಹಾಗಿದ್ದ ಮೇಲೆ ಸೆಲ್ಫಿಯ ಮೂಗನ್ನು ಛತ್ತಿನ ಕ್ಯಾಮೆರಾದ ಮೂಗಿಗೆ ಹೋಲಿಸಿ "ಅದ ಮೂಗು" ಎಂದರೆ ಏನರ್ಥ? ಇದರ ಮೇಲೆ ಬ್ಯೂಟಿ ಮೋಡ್ ಬೇರೆ. ಎಷ್ಟೋ ಫೋನುಗಳಲ್ಲಿ ಅದು ತಂತಾನೇ ಚಾಲೂ ಇರುತ್ತದೆ. ಕಲೆ ಒರೆಸುತ್ತದೆ, ದವಡೆ ಕಿರಿದು ಮಾಡುತ್ತದೆ, ಕಣ್ಣು ಅರಳಿಸುತ್ತದೆ.

ಈಗ ಮಚ್ಚೆಗೆ ಬರೋಣ. ಸೆಲ್ಫಿಯಲ್ಲಿ ಹುಡುಗನ ಬಲಗೆನ್ನೆಯ ಮೇಲೆ ಮಚ್ಚೆ, ಸಿಸಿಟಿವಿಯವನ ಬಲಗೆನ್ನೆಯ ಮೇಲೂ ಒಂದು ಕಪ್ಪು ಚುಕ್ಕೆ. ಗುಂಪಿನವರಿಗೆ ಇದೇ ದೊಡ್ಡ ಸಾಕ್ಷಿ. ಆದರೆ ಸೆಲ್ಫಿಯಲ್ಲಿ ಅಂಗಿಯ ಕಿಸೆ ಬಲ ಎದೆಯ ಮೇಲಿತ್ತು, ಹಿಂದಿನ ಟೆಂಪೊ ಮೇಲಿನ ಅಕ್ಷರಗಳು ತಿರುವುಮುರುವಾಗಿದ್ದವು. ಅಂದರೆ ಮುಂದಿನ ಕ್ಯಾಮೆರಾ ಚಿತ್ರವನ್ನು ಕನ್ನಡಿಯಂತೆ ತಿರುವಿತ್ತು. ಹುಡುಗನ ಮಚ್ಚೆ ಇರುವುದು ಎಡಗೆನ್ನೆಯ ಮೇಲೆ. ಇನ್ನು ಸಿಸಿಟಿವಿಯ ಚುಕ್ಕೆ: ವಿಡಿಯೊವನ್ನು ಒಂದೊಂದೇ ಫ್ರೇಮ್ ಮುಂದೆ ಸರಿಸಿದರೆ ಅದು ಕೆನ್ನೆಯಿಂದ ಕಿವಿಯ ಕಡೆ ಜಾರಿ ಮಾಯವಾಗುತ್ತಿತ್ತು. ಚರ್ಮದ ಮೇಲಿನ ಮಚ್ಚೆ ಜಾರುವುದಿಲ್ಲ. ವಿಡಿಯೊವನ್ನು ಒತ್ತಿ ಕಿರಿದು ಮಾಡುವಾಗ ಹುಟ್ಟುವ ಕಲೆ ಅದು.

ಹಾಗಾದರೆ ಹೋಲಿಸಲು ಯೋಗ್ಯವಾದದ್ದು ಏನು? ನನ್ನನ್ನು ಕೇಳಿದರೆ ಕಿವಿ. ಕಿವಿಯ ಹಾಲೆ ಕೆನ್ನೆಗೆ ಅಂಟಿದೆಯೋ ಜೋತಿದೆಯೋ, ಮೇಲಂಚಿನ ಮಡಿಕೆ ಹೇಗಿದೆ ಎಂಬುದನ್ನು ದಾಡಿ, ಮೇಕಪ್ಪು, ನಗು ಯಾವುದೂ ಬದಲಿಸುವುದಿಲ್ಲ. ಆದರೆ ಎರಡೂ ಚಿತ್ರ ಒಂದೇ ಕೋನದಲ್ಲಿರಬೇಕು. ನಮ್ಮ ಸಿಸಿಟಿವಿಯಲ್ಲಿ ಕಿವಿ ನೆರಳಿನಲ್ಲಿತ್ತು, ಆದ್ದರಿಂದ ಅದೂ ಇಲ್ಲ. ಇಷ್ಟು ನೋಡಿದ ಮೇಲೆ ಸಿಗುವ ಉತ್ತರ: ಅವನೇ ಎನ್ನಲೂ ಆಗದು, ಅವನಲ್ಲ ಎನ್ನಲೂ ಆಗದು. ಈ ಉತ್ತರ ಯಾರಿಗೂ ರುಚಿಸುವುದಿಲ್ಲ, ಆದರೆ ಇಂಥ ಚಿತ್ರಗಳಲ್ಲಿ ಬಹಳ ಸಲ ಇಷ್ಟೇ ಸಿಗುವುದು.

ಚಿತ್ರ ಚೊಕ್ಕವಾಗಿದ್ದು ಎಲ್ಲ ಹೊಂದಿದರೂ ಹೆಸರು ಸಿಕ್ಕಂತಲ್ಲ. ಒಂದು ಮುಖಕ್ಕೆ ಹತ್ತು ಸಾವಿರಕ್ಕೊಬ್ಬ ಹೋಲುತ್ತಾನೆ ಎಂದಿಟ್ಟುಕೊಳ್ಳಿ. 2011ರ ಜನಗಣತಿಯಲ್ಲಿ ಹುಬ್ಬಳ್ಳಿ-ಧಾರವಾಡದ ಜನಸಂಖ್ಯೆ 9.43 ಲಕ್ಷ. ಅಂದರೆ ಅವಳಿ ನಗರದಲ್ಲೇ ತೊಂಬತ್ತಕ್ಕೂ ಹೆಚ್ಚು ಮಂದಿ. ಗದಗ, ಹಾವೇರಿಯಿಂದ ಮದುವೆಗೆ ಬಂದವರು ಬೇರೆ. ಹೊಂದದಿದ್ದರೆ ಒಬ್ಬನನ್ನು ಪಟ್ಟಿಯಿಂದ ತೆಗೆಯಬಹುದು. ಹೊಂದಿದರೆ ಅವನು ಪಟ್ಟಿಯಲ್ಲಿ ಉಳಿಯುತ್ತಾನೆ, ಅಷ್ಟೇ.

ಮುಖ ಸ್ಪಷ್ಟವಾಗಿದ್ದರೆ ಇನ್ನೊಂದು ಗುಮಾನಿ ಇಟ್ಟುಕೊಳ್ಳಿ: ಮುಖವೇ ಬೇರೆಯವರದಾಗಿರಬಹುದು. 2023ರ ನವೆಂಬರಿನಲ್ಲಿ ಲಿಫ್ಟ್‌ನೊಳಗೆ ಬರುವ ರಶ್ಮಿಕಾ ಮಂದಣ್ಣ ಎಂದು ಹರಿದಾಡಿದ ವಿಡಿಯೊ ಬೇರೊಬ್ಬ ಮಹಿಳೆಯದು, ಮುಖ ಮಾತ್ರ ಅಂಟಿಸಿದ್ದು. ಇಂಥ ವಿಡಿಯೊಗಳಲ್ಲಿ ಮುಖ ಚೌಕಟ್ಟಿನೊಳಗೆ ಬರುವ ಮೊದಲ ಕ್ಷಣವನ್ನೇ ನಿಲ್ಲಿಸಿ ನೋಡಿ. ತೇಪೆ ಬಿಡುವುದು ಹೆಚ್ಚಾಗಿ ಅಲ್ಲಿ.

ನಾಲ್ಕನೆಯದಾಗಿ, ಮುಖ ಬಿಟ್ಟು ಉಳಿದದ್ದನ್ನು ಹುಡುಕಿ. ಗೂಗಲ್ ಲೆನ್ಸ್‌ಗೆ ಮುಖ ಕೊಟ್ಟರೆ ಹೋಲುವ ಮುಖಗಳನ್ನು ಸುರಿಯುತ್ತದೆ, ಅಂದರೆ ನಿಮ್ಮ ತಪ್ಪಿಗೆ ಇನ್ನಷ್ಟು ಸರಕು. ಮುಖ ಕತ್ತರಿಸಿ ಹಾಕಿ ಹಿನ್ನೆಲೆಯನ್ನಷ್ಟೇ ಕೊಡಿ. ಹಳೆಯ ಚಿತ್ರವನ್ನು ಹೊಸ ಘಟನೆಗೆ ಅಂಟಿಸಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ. ಆಮೇಲೆ ಹೊತ್ತು. ಸಿಸಿಟಿವಿಯ ಮೇಲಿನ ವೇಳೆಯನ್ನು ನಂಬಬೇಡಿ. ಯಂತ್ರದ ಎದುರು ನಿಂತು ನಿಮ್ಮ ಫೋನಿನ ವೇಳೆಗೆ ತಾಳೆ ನೋಡಿ. ಈ ಮದುವೆಮನೆಯ ಯಂತ್ರ ಮುಕ್ಕಾಲು ತಾಸು ಮುಂದಿತ್ತು. ಸರಿಯಾದ ಹೊತ್ತು ಹಿಡಿದು ಕೇಟರಿಂಗ್ ಮಾಲೀಕರನ್ನು ಕೇಳಿದರೆ, ಹುಡುಗ ಆವತ್ತು ಇಡೀ ಸಂಜೆ ನವಲಗುಂದದ ಇನ್ನೊಂದು ಮದುವೆಯಲ್ಲಿ ಪಂಕ್ತಿ ಬಡಿಸುತ್ತಿದ್ದ. ಅಲ್ಲಿಯ ಫೋಟೊಗ್ರಾಫರ್ ತೆಗೆದ ಮೂಲ ಚಿತ್ರಗಳಲ್ಲಿ, ಗೋಡೆ ಗಡಿಯಾರದ ಕೆಳಗೇ, ಬಕೆಟ್ ಹಿಡಿದು ನಿಂತಿದ್ದ.

ಐದನೆಯದು, ಪೂರ್ತಿ ವಿಡಿಯೊವನ್ನು ಅಲ್ಲಿದ್ದ ಬಳಗದವರಿಗೆ ತೋರಿಸಿ, ಊಹೆಯ ಹೆಸರನ್ನು ಮೊದಲೇ ಕಿವಿಗೆ ಹಾಕದೆ. ಪರಿಚಯವಿದ್ದವರ ಕಣ್ಣು ಬೇರೆಯೇ ಕೆಲಸ ಮಾಡುತ್ತದೆ. 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಇಬ್ಬರು ಡಚ್ ಸೆಲೆಬ್ರಿಟಿಗಳ 40 ಫೋಟೊಗಳನ್ನು ಕಲೆಸಿ, ಒಬ್ಬೊಬ್ಬರದು ಒಂದೊಂದು ಗುಂಪು ಮಾಡಿ ಎಂದು ಕೊಟ್ಟರು. ಅವರನ್ನು ಅರಿಯದ ಬ್ರಿಟಿಷರು ಸರಾಸರಿ ಏಳೆಂಟು ಗುಂಪು ಮಾಡಿದರು. ಡಚ್ ಮಂದಿಗೆ ಎರಡೇ ಗುಂಪು ಎಂಬುದು ಸಲೀಸಾಗಿ ತಿಳಿಯಿತು. ಇಲ್ಲಿಯೂ ವರನ ತಾಯಿ ವಿಡಿಯೊ ನೋಡಿದವರೇ, "ಅಯ್ಯ, ನಡಿಗಿ ನೋಡ್ರಿ, ನಮ್ಮ ತಮ್ಮ ಅಲ್ಲೇನ್ರಿ ಇಂವಾ!" ಎಂದರು. ಹಾವೇರಿಯ ಸೋದರಮಾವ ಬ್ಯಾಗನ್ನು ಜೋಪಾನವಾಗಿರಲಿ ಎಂದು ಜೀಪಿನ ಸೀಟಿನ ಕೆಳಗೆ ಇಟ್ಟು ಊಟಕ್ಕೆ ಕೂತಿದ್ದರಂತೆ.

ನಿಜಕ್ಕೂ ಕಳವಾಗಿದ್ದರೆ ಠಾಣೆಗೆ ಕೊಡಬೇಕಾದದ್ದು ಮೂಲ ವಿಡಿಯೊ, ಸರಿಪಡಿಸಿದ ಹೊತ್ತು, ಅಂಗಿಯ ಬಣ್ಣ, ಯಾವ ಬಾಗಿಲು ಎಂಬ ವಿವರ. ಹೆಸರಿನ ಅನುಮಾನವಿದ್ದರೆ ಅದನ್ನೂ ಅಲ್ಲೇ ಹೇಳಿ, ಗುಂಪಿನಲ್ಲಿ ಬೇಡ. ಈಗ ಮಾನಹಾನಿಗೆ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ ಇದೆ. ಆಗಲೇ ಹೆಸರು ಹಾಕಿದ್ದರೆ ಬರೀ ಡಿಲೀಟ್ ಮಾಡಿ ಸುಮ್ಮನಾಗಬೇಡಿ, ಅದೇ ಗುಂಪಿನಲ್ಲಿ ತಪ್ಪೆಂದು ಬರೆಯಿರಿ. ನಿಮ್ಮ ಹೆಸರೇ ಬಿದ್ದಿದ್ದರೆ ಜಗಳಕ್ಕೆ ಇಳಿಯುವ ಮೊದಲು, ಕಳಿಸಿದವರ ನಂಬರು ಮತ್ತು ವೇಳೆ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಠಾಣೆಯಲ್ಲಾಗಲಿ cybercrime.gov.in ತಾಣದಲ್ಲಾಗಲಿ ದೂರು ಕೊಡುವಾಗ ಮೊದಲು ಕೇಳುವುದು ಅದನ್ನೇ.