ಚೀಟಿಯಲ್ಲಿ 75, ಡಬ್ಬಿಯ ಮೇಲೆ 25: ಡಾಕ್ಟರಿಗೆ ಹೇಗೆ ಬರೆದು ಕೇಳುವುದು

ಡಾಕ್ಟರ್ ಹೇಳಿದ್ದು ಒಂದು, ಔಷಧಿ ಅಂಗಡಿಯವರು ಕೊಟ್ಟ ಡಬ್ಬಿಯ ಮೇಲಿರುವುದು ಇನ್ನೊಂದು. ಇಂಥ ಹೊತ್ತಿನಲ್ಲಿ ಹೊರದೇಶಕ್ಕೆ ಹೊಸದಾಗಿ ಬಂದ ನಮ್ಮವರು ಅಚ್ಚಾಗಿರುವುದೇ ಸರಿ ಅಂದುಕೊಂಡು ನುಂಗುತ್ತಾರೆ, ಇಲ್ಲವೇ ಅನುಮಾನ ಬಂದು ಮಾತ್ರೆಯನ್ನೇ ನಿಲ್ಲಿಸಿಬಿಡುತ್ತಾರೆ. ಕೇಳಿದರೆ ಡಾಕ್ಟರಿಗೆ ಬೇಜಾರಾದೀತು ಎಂಬ ಅಳುಕು ಹಲವರಿಗೆ. ಆದರೆ ಇಂಥ ಪ್ರಶ್ನೆಗೆ ಉತ್ತರಿಸುವುದು ಅವರ ಕೆಲಸದ್ದೇ ಭಾಗ. ಸರಿಯಾಗಿ ಕೇಳಿದರೆ ಅವರಿಗೂ ಸುಲಭ, ನಿಮಗೂ ಕ್ಷೇಮ.

ನಮ್ಮವರಲ್ಲಿ ತುಂಬ ಜನ ತೆಗೆದುಕೊಳ್ಳುವ ಥೈರಾಯ್ಡ್ ಮಾತ್ರೆಯನ್ನೇ ನೋಡೋಣ. ಒಬ್ಬರು ದಿನಕ್ಕೆ 50 ಮೈಕ್ರೋಗ್ರಾಂ ಲೆವೊಥೈರಾಕ್ಸಿನ್ ತೆಗೆದುಕೊಳ್ಳುತ್ತಿದ್ದಾರೆ. ಥೈರಾಯ್ಡ್ ಹಾರ್ಮೋನ್ ಸಾಲದಿದ್ದಾಗ ಏರುವ ಟಿಎಸ್‌ಎಚ್ ರಕ್ತಪರೀಕ್ಷೆಯಲ್ಲಿ ಹೆಚ್ಚು ಬಂತು, ಡಾಕ್ಟರ್ 75ಕ್ಕೆ ಏರಿಸೋಣ ಅಂದರು. ಭೇಟಿಯ ನಂತರ ಸಿಕ್ಕ ಚೀಟಿಯಲ್ಲೂ 75 ಎಂದೇ ಇದೆ. ಅಂಗಡಿಯಲ್ಲಿ ಸಿಕ್ಕ ಹೊಸ ಡಬ್ಬಿಯ ಮೇಲೆ ಮಾತ್ರ "25 ಮೈಕ್ರೋಗ್ರಾಂ, ದಿನಕ್ಕೆ ಒಂದು ಮಾತ್ರೆ" ಎಂದಿದೆ. ಮನೆಯಲ್ಲಿ ಹಳೆಯ 50ರ ಮಾತ್ರೆಗಳು ಇನ್ನೂ ಉಳಿದಿವೆ.

ಇದನ್ನು ಮೂರು ರೀತಿ ಓದಬಹುದು. ಹಳೆಯ 50ರ ಜೊತೆ ಹೊಸ 25 ಸೇರಿಸಿ 75 ಮಾಡಿಕೊಳ್ಳಲಿ ಎಂದು ಡಾಕ್ಟರ್ ಬರೆದಿರಬಹುದು. ಎಷ್ಟೋ ಸಲ ಹೀಗೆ ಬರೆಯುವುದುಂಟು. ಇಲ್ಲವೇ ಹೊಸ ಮಾತ್ರೆಯನ್ನೇ ದಿನಕ್ಕೆ ಮೂರು ತೆಗೆದುಕೊಳ್ಳಬೇಕಿದ್ದು, ಲೇಬಲ್ಲಿನಲ್ಲಿ ಒಂದು ಎಂದು ಬಿದ್ದಿರಬಹುದು. ಅಥವಾ ಅಳತೆಯೇ ತಪ್ಪಾಗಿ ಹೋಗಿರಬಹುದು. ಬರೀ 25 ತೆಗೆದುಕೊಂಡರೆ ಮೊದಲಿದ್ದ ಪ್ರಮಾಣದ ಅರ್ಧಕ್ಕೆ ಇಳಿದಂತಾಯಿತು. ಸುಸ್ತು ವಾರಗಟ್ಟಲೆ ನಿಧಾನಕ್ಕೆ ಮರಳುತ್ತದೆ, ಆರೆಂಟು ವಾರದ ನಂತರದ ರಕ್ತಪರೀಕ್ಷೆಯವರೆಗೆ ಯಾರಿಗೂ ಗೊತ್ತಾಗದೆ ಹೋಗಬಹುದು. ಗೊಂದಲದಲ್ಲಿ ಹಳೆಯ 50ರ ಜೊತೆ ಹೊಸದು ಮೂರು ನುಂಗಿದರೆ 125 ಆಯಿತು. ಎದೆಬಡಿತ, ಕೈ ನಡುಕ, ನಿದ್ರೆ ಬಾರದಿರುವುದು ಶುರುವಾಗಬಹುದು. ಹೃದಯದ ತೊಂದರೆ ಇರುವವರಿಗೆ ಇದು ಅಪಾಯ.

ಡಾಕ್ಟರಿಗೆ ಬರೆಯುವ ಮೊದಲು ಔಷಧಿ ಅಂಗಡಿಗೆ ಫೋನ್ ಮಾಡಿ, ಫಾರ್ಮಸಿಸ್ಟ್ ಜೊತೆಯೇ ಮಾತಾಡಬೇಕು ಎಂದು ಹೇಳಿ. ಡಾಕ್ಟರ್ ನೇರವಾಗಿ ಅಂಗಡಿಗೆ ಕಳಿಸಿದ ಔಷಧಿ ಚೀಟಿ ಅವರ ಹತ್ತಿರ ಇರುತ್ತದೆ. ಲೇಬಲ್ ಅಚ್ಚಾಗುವಾಗ ತಪ್ಪಾಯಿತೋ ಅಥವಾ ಬಂದದ್ದೇ 25 ಎಂದೋ ಅವರು ನೋಡಿ ಹೇಳಬಲ್ಲರು. ಉತ್ತರ ಬರುವವರೆಗೆ ಬೆಳಿಗ್ಗೆ ಏನು ತೆಗೆದುಕೊಳ್ಳಲಿ ಎಂದೂ ಅವರನ್ನೇ ಕೇಳಿ. ಈ ಔಷಧಿಯ ಅರ್ಧ ಭಾಗ ದೇಹದಿಂದ ಹೋಗಲು ಸುಮಾರು ಒಂದು ವಾರ ಬೇಕು, ಹಾಗಾಗಿ ಒಂದೆರಡು ದಿನ ಕಾಯುವುದರಿಂದ ಸಾಮಾನ್ಯವಾಗಿ ಏರುಪೇರಾಗುವುದಿಲ್ಲ.

ಎಲ್ಲ ಔಷಧಿಗೂ ಈ ಸಮಾಧಾನ ಸಲ್ಲದು, ಇದನ್ನು ಒತ್ತಿ ಹೇಳುತ್ತೇನೆ. ಇನ್ಸುಲಿನ್, ರಕ್ತ ತೆಳುವಾಗಿಸುವ ವಾರ್ಫರಿನ್, ಮಕ್ಕಳ ಸಿರಪ್, ಕೀಲುನೋವಿಗೆ ಕೊಡುವ ಮೆಥೊಟ್ರೆಕ್ಸೇಟ್, ಇವುಗಳಲ್ಲಿ ಅಳತೆ ಹೊಂದದಿದ್ದರೆ ಮೆಸೇಜ್ ಬರೆದು ಕಾಯಬೇಡಿ, ಆಗಲೇ ಫೋನ್ ಮಾಡಿ. ಕೀಲುನೋವಿನ ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ ತೆಗೆದುಕೊಳ್ಳುವಂಥದ್ದು. ತಪ್ಪಿ ದಿನವೂ ತೆಗೆದುಕೊಂಡು ಪ್ರಾಣ ಕಳೆದುಕೊಂಡವರಿದ್ದಾರೆ. ಯಾವುದೇ ಔಷಧಿಯಾದರೂ ತಪ್ಪು ಪ್ರಮಾಣ ಒಳಗೆ ಹೋಗಿ ಎದೆನೋವು, ಉಸಿರಾಟದ ಕಷ್ಟ, ಪ್ರಜ್ಞೆ ಮಂಕಾಗುವುದು ಕಂಡರೆ ತುರ್ತು ಸೇವೆಗೇ ಕರೆ ಹೋಗಬೇಕು. ಕ್ಲಿನಿಕ್ಕಿಗೆ ಬಂದ ಮೆಸೇಜನ್ನು ಎಷ್ಟೋ ಕಡೆ ಮೊದಲು ನರ್ಸ್ ನೋಡಿ, ಆಮೇಲೆ ಡಾಕ್ಟರಿಗೆ ದಾಟಿಸುತ್ತಾರೆ. ಒಂದೆರಡು ದಿನ ಹಿಡಿಯಬಹುದು.

ಈಗ ಮೆಸೇಜ್. ಭಾಷೆ ನೀವಿರುವ ದೇಶದ್ದಾಗಲಿ, ಸಾಲುಗಳ ಕ್ರಮ ಹೀಗಿರಲಿ:

"ಡಾಕ್ಟರೇ, ನಮಸ್ಕಾರ. ನನ್ನ ಪೂರ್ತಿ ಹೆಸರು ಇದು, ಹುಟ್ಟಿದ ದಿನಾಂಕ ಇದು. ಲೆವೊಥೈರಾಕ್ಸಿನ್ ಪ್ರಮಾಣದ ಬಗ್ಗೆ ಒಂದು ಪ್ರಶ್ನೆ.

ಮಾರ್ಚ್ 12ರ ಭೇಟಿಯ ಚೀಟಿಯಲ್ಲಿ ದಿನಕ್ಕೆ 75 ಮೈಕ್ರೋಗ್ರಾಂ ಎಂದಿದೆ. ಮಾರ್ಚ್ 13ರಂದು ಅಂಗಡಿಯಲ್ಲಿ ಸಿಕ್ಕ ಡಬ್ಬಿಯ ಮೇಲೆ 25 ಮೈಕ್ರೋಗ್ರಾಂ, ದಿನಕ್ಕೆ ಒಂದು ಮಾತ್ರೆ ಎಂದಿದೆ. ಮನೆಯಲ್ಲಿ ಹಳೆಯ 50 ಮೈಕ್ರೋಗ್ರಾಂ ಮಾತ್ರೆಗಳೂ ಇವೆ. ಫಾರ್ಮಸಿಸ್ಟರನ್ನು ಕೇಳಿದೆ. ಅವರಿಗೆ ಬಂದ ಚೀಟಿಯಲ್ಲೂ 25 ಎಂದೇ ಇದೆಯಂತೆ. ನಿಮ್ಮ ಉತ್ತರ ಬರುವವರೆಗೆ ಹಳೆಯ 50ನ್ನೇ ಮುಂದುವರಿಸಲು ಅವರು ಹೇಳಿದ್ದಾರೆ, ಹಾಗೇ ಮಾಡುತ್ತಿದ್ದೇನೆ. ಹೊಸ ಮಾತ್ರೆ ಇನ್ನೂ ತೆಗೆದುಕೊಂಡಿಲ್ಲ. ಈಗ ಬೇರೆ ತೊಂದರೆ ಏನೂ ಇಲ್ಲ.

ದಿನಕ್ಕೆ ಒಟ್ಟು ಎಷ್ಟು ಮೈಕ್ರೋಗ್ರಾಂ, ಯಾವ ಮಾತ್ರೆ ಎಷ್ಟು ತೆಗೆದುಕೊಳ್ಳಬೇಕು ಎಂದು ದಯವಿಟ್ಟು ತಿಳಿಸುತ್ತೀರಾ? ಎರಡೂ ಲೇಬಲ್ಲುಗಳ ಫೋಟೋ ಜೊತೆಗಿದೆ. ಧನ್ಯವಾದಗಳು."

ಇಲ್ಲಿ ಯಾರ ತಪ್ಪು ಎಂಬ ಮಾತೇ ಇಲ್ಲ, ಗಮನಿಸಿ. ಎಲ್ಲೆಲ್ಲಿ ಏನೇನು ಬರೆದಿದೆ ಎಂಬುದನ್ನು ಅಕ್ಕಪಕ್ಕ ಇಟ್ಟಿದ್ದೇವೆ, ಅಷ್ಟೆ. ವಿನಯಕ್ಕೆ ಇಷ್ಟು ಸಾಕು. "ತಪ್ಪು ತಿಳಿಯಬೇಡಿ, ತೊಂದರೆ ಕೊಡುತ್ತಿದ್ದೇನೆ, ಕ್ಷಮಿಸಿ" ಎಂದು ನಾಲ್ಕು ಸಾಲು ಪೀಠಿಕೆ ಹಾಕಿದರೆ ಕೇಳಬೇಕಾದ ಪ್ರಶ್ನೆ ಕೆಳಗೆಲ್ಲೋ ಮುಚ್ಚಿಹೋಗುತ್ತದೆ. ದಿನಕ್ಕೆ ಹತ್ತಾರು ಮೆಸೇಜ್ ಓದುವವರ ಕಣ್ಣಿಗೆ ಔಷಧಿಯ ಹೆಸರು ಮೊದಲ ಸಾಲಿನಲ್ಲೇ ಬೀಳಬೇಕು.

ತಿಂಗಳನ್ನು ಅಕ್ಷರದಲ್ಲೇ ಬರೆಯಿರಿ. 3/12 ಎಂದು ಹಾಕಿದರೆ ಒಂದು ದೇಶದಲ್ಲಿ ಮಾರ್ಚ್, ಇನ್ನೊಂದರಲ್ಲಿ ಡಿಸೆಂಬರ್. ಮೈಕ್ರೋಗ್ರಾಂ ಎಂಬುದನ್ನೂ ಪೂರ್ತಿಯಾಗಿ ಬರೆಯಿರಿ. ಎಂಜಿ, ಎಂಸಿಜಿ ಎಂದು ಚುಟುಕಾಗಿ ಬರೆಯುವಾಗ ಒಂದು ಅಕ್ಷರ ತಪ್ಪಿದರೆ ಸಾವಿರ ಪಟ್ಟು ವ್ಯತ್ಯಾಸ. ಕೆಲವು ಡಬ್ಬಿಗಳ ಮೇಲೆ 50 ಮೈಕ್ರೋಗ್ರಾಂ ಬದಲು 0.05 ಮಿಲಿಗ್ರಾಂ ಎಂದಿರುತ್ತದೆ. ಎರಡೂ ಒಂದೇ, ಆದರೂ ನೀವು ಲೆಕ್ಕ ಮಾಡಿ ಬದಲಿಸಬೇಡಿ, ಇದ್ದದ್ದನ್ನು ಇದ್ದ ಹಾಗೆ ನಕಲು ಮಾಡಿ. ಭಾರತದಿಂದ ತಂದ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನು ಮುಚ್ಚಿಡಬೇಡಿ, ಅದರ ಹೆಸರು ಮತ್ತು ಪ್ರಮಾಣವನ್ನೂ ಬರೆಯಿರಿ. ನೀವಿರುವ ದೇಶದ ಡಾಕ್ಟರ ಕಡತದಲ್ಲಿ ಅದು ಇರುವುದೇ ಇಲ್ಲ.

"50 ಮತ್ತು 25 ಸೇರಿಸಿ ತೆಗೆದುಕೊಳ್ಳಲೇ, ಅಥವಾ 25 ಮಾತ್ರವೇ?" ಎಂದು ಕೇಳುವುದು ಸಹಜ ಅನ್ನಿಸುತ್ತದೆ. ಆದರೆ ಅದಕ್ಕೆ "ಹೌದು" ಎಂದಷ್ಟೇ ಉತ್ತರ ಬಂದರೆ ಯಾವುದಕ್ಕೆ ಹೌದು ಎಂದು ತಿಳಿಯುವುದಿಲ್ಲ. ಅದಕ್ಕೇ ಒಟ್ಟು ಎಷ್ಟು ಎಂಬ ಅಂಕಿಯನ್ನು ಅವರಿಂದಲೇ ಹೇಳಿಸಬೇಕು. ಉತ್ತರ ಬಂದ ಮೇಲೆ ಅರ್ಥವಾದದ್ದನ್ನು ಒಂದು ಸಾಲಿನಲ್ಲಿ ತಿರುಗಿ ಬರೆಯಿರಿ: "ಹಾಗಾದರೆ ನಾಳೆಯಿಂದ ದಿನವೂ ಬೆಳಿಗ್ಗೆ 50ರ ಒಂದು, 25ರ ಒಂದು, ಒಟ್ಟು 75 ಮೈಕ್ರೋಗ್ರಾಂ. ಸರಿ ತಾನೇ?" ಅದಕ್ಕೆ ಒಪ್ಪಿಗೆ ಬಂದರೆ ಇಬ್ಬರ ಮನಸ್ಸಿನಲ್ಲೂ ಒಂದೇ ಅಂಕಿ ಇದೆ ಎಂದಾಯಿತು.

ಒಂದು ಪೂರ್ತಿ ಕೆಲಸದ ದಿನ ಕಳೆದರೂ ಉತ್ತರ ಬರದಿದ್ದರೆ ಮತ್ತೆ ಬರೆಯುವ ಬದಲು ಕ್ಲಿನಿಕ್ಕಿಗೆ ಫೋನ್ ಮಾಡಿ, ನರ್ಸ್ ಜೊತೆ ಮಾತಾಡಬೇಕು ಎನ್ನಿ. ಭಾಷೆ ತೊಡಕಾದರೆ ದುಭಾಷಿಯನ್ನು ಕೇಳಬಹುದು, ಅನೇಕ ಕಡೆ ಫೋನಿನಲ್ಲೇ ಒದಗಿಸುತ್ತಾರೆ. ಅಂಕಿಗಳನ್ನು ಮಾತ್ರ ಬಿಡಿಬಿಡಿಯಾಗಿ, "ಏಳು, ಐದು" ಎಂದು ಆ ಭಾಷೆಯಲ್ಲೇ ಹೇಳಿ, ಅವರು ಬರೆದುಕೊಂಡದ್ದನ್ನು ಓದಿಸಿ ಕೇಳಿ.

ಇನ್ನೊಂದು ಕೆಲಸ ಉಳಿಯುತ್ತದೆ. ಡಾಕ್ಟರ್ ಉತ್ತರಿಸಿದ ಮಾತ್ರಕ್ಕೆ ಅಂಗಡಿಯ ದಾಖಲೆ ತಾನಾಗಿ ಬದಲಾಗದೆ ಇರಬಹುದು. ಹೊಸ ಚೀಟಿ ಕಳಿಸಿ ಎಂದು ಡಾಕ್ಟರನ್ನು ಕೇಳಿ, ಹಳೆಯದನ್ನು ರದ್ದು ಮಾಡಿದ್ದೀರಾ ಎಂದು ಅಂಗಡಿಯಲ್ಲಿ ವಿಚಾರಿಸಿ. ಇಲ್ಲದಿದ್ದರೆ ಮುಂದಿನ ತಿಂಗಳು ಅದೇ ಲೇಬಲ್ಲಿನ ಡಬ್ಬಿ ಮತ್ತೆ ಕೈಗೆ ಬರಬಹುದು.